ಅಡ್ಮಿಷನ್ ಚಾಲೂ ಆಗ್ಯಾವ ಅಂತ ಬರಿಯೂ ಮೊದ್ಲ

ಬನದ ಹುಣ್ಣಿವಿ ಬಂತಂದ್ರ ನಮ್ಮ ಚೊಳಚಗುಡ್ಡದಾಗ ಎರಡು ಥರದ ಕರಿಯೂ ಮಾತು ಕೇಳ್ತಾವ. ಒಂದು ಬನಶಂಕರಿ ಜಾತ್ರ್ಯಾಗಿನ ನಾಟಕ ಕಂಪನಿಯವ್ರದು, ಇನ್ನೊಂದು ಫೋನಿನ್ಯಾಗ ಬರೂ ಪ್ರೈವೇಟ್ ಸಾಲಿಯವ್ರದು. ನಾಟಕದವ್ರು ಮೈಕಿನ್ಯಾಗ ಎಷ್ಟ ನಗಿಸಿದ್ರೂ ಕಡೀಕ ನಾಟಕದ ಹೆಸರು, ಆಟ ಚಾಲೂ ಆಗೂ ಟೈಮು, ಟಿಕೀಟಿನ ರೇಟು ಹೇಳಿನ ಸುಮ್ಮನಾಗೂದು. ಸಾಲಿಯವ್ರ ಮೆಸೇಜಿನ್ಯಾಗ ಮಾತ್ರ "ನಿಮ್ಮ ಮಗುವಿನ ಉಜ್ವಲ ಭವಿಷ್ಯಕ್ಕಾಗಿ" ಅಂತ ಚಾಲೂ ಆಗಿ "ಕೆಲವೇ ಸೀಟುಗಳು, ತ್ವರೆ ಮಾಡಿರಿ" ಅಂತ ಮುಗದ ಬಿಡ್ತೈತಿ. ಯಾವ ಕ್ಲಾಸಿಗೆ, ಎಷ್ಟು ವಯಸ್ಸಿಗೆ, ಯಾವತ್ತು ಬರಬೇಕು ಅನ್ನೂದು ತಿಳಿಯೂದಿಲ್ಲ.

ನಮ್ಮ ಹಿಂದಿನ ಮನಿ ಹುಡುಗಿ ಒಂದು ಸಣ್ಣ ಖಾಸಗಿ ಸಾಲ್ಯಾಗ ಟೀಚರ್ ಅದಾಳ. 2025ರ ಜನವರಿಯೊಳಗ ಅವರ ಬಡೇಬಾಯಾರು ಫೋಟೋದ ಕೆಳಗ ಹಾಕೂ ಬರಹ ಬರಿಯಾಕ ಆಕಿಗೆ ಹಚ್ಚಿದ್ರು. ಆಕಿ ಬರದು ತಂದು, "ಚಿಗವ್ವಾ, ಓದಿ ನೋಡ್ರಿ, ಚಂದ ಆಗೇತೇನು" ಅಂದ್ಲು. ಓದಾಕ ಚಂದನ ಇತ್ತು. ನಾ ಕೇಳಿದೆ, "ತಂಗಿ, ಈಗ ನಾ ಐದೂವರಿ ವರ್ಷದ ಕೂಸಿನ ಅವ್ವ ಅದೀನಿ ಅಂತ ತಿಳ್ಕೊ. ಇದನ್ನ ಓದಿ ನಾ ನಾಳೆ ಬಸ್ ಹತ್ತಬೇಕೋ ಬ್ಯಾಡೋ?" ಆಕಿಗೂ ಹೇಳಾಕ ಬರಲಿಲ್ಲ. ಆವತ್ತಿನಿಂದ ನಾವು ಇಬ್ರೂ ಇದೊಂದ ಪ್ರಶ್ನೆ ಇಟಗೊಂಡು ಒಂದೊಂದ ಸಾಲು ತಿದ್ದಿದ್ವಿ.

ಎಲ್ಲಾಕಿಂತ ಮೊದ್ಲು ವಯಸ್ಸಿನ ಸಾಲು. ನಮ್ಮ ರಾಜ್ಯದಾಗ ಒಂದನೇತ್ತಿಗೆ ಸೇರಸಾಕ ಜೂನ್ 1ಕ್ಕ ಕೂಸಿಗೆ 6 ವರ್ಷ ತುಂಬಿರಬೇಕು ಅನ್ನೂ ಆದೇಶ 2022ರಾಗ ಆತು, ಅದು ಜಾರಿಗೆ ಬರೂದು 2025-26ರಿಂದ ಅಂತ ಇತ್ತು. ಹಂಗಾಗಿ ಬರೇ "6 ವರ್ಷದ ಮಕ್ಕಳು" ಅಂತ ಬರದ್ರ ಸಾಲೂದಿಲ್ಲ. ಯಾಕಂದ್ರ ನಮ್ಮ ಕಡೆ ಆರಕ್ಕ ಬಿದ್ದ ಕೂಸಿಗೂ ಆರು ಅಂತಾರ, ಆರು ತುಂಬಿದ ಕೂಸಿಗೂ ಆರು ಅಂತಾರ. ಲೆಕ್ಕ ಅವ್ವಗ ಬಿಡದ ನಾವ ಮಾಡಿ ಕೊಡಬೇಕು. "2019ರ ಜೂನ್ 1 ಅಥವಾ ಅದಕ್ಕೂ ಮೊದಲು ಹುಟ್ಟಿದ ಮಕ್ಕಳು" ಅಂತ ಬರದ್ರ, ಆಕಿ ಜನ್ಮ ದಾಖಲೆ ತಗದು ತಾರೀಖು ನೋಡಿದ್ರ ಮುಗೀತು. ಕೂಲಿ ಬಿಟ್ಟು, ಆಟೋಕ್ಕ ರೊಕ್ಕ ಕೊಟ್ಟು ಬಂದು, ಗೇಟಿನ್ಯಾಗ "ಇನ್ನೂ ವಯಸ್ಸು ಆಗಿಲ್ಲ" ಅನ್ನಿಸ್ಕೊಂಡು ಹೋಗೂದು ತಪ್ಪತೈತಿ.

ಆ ವರ್ಷ ಇದರಾಗ ಇನ್ನೊಂದು ತಿರುವು ಬಂತು. ಯುಕೆಜಿ ಮುಗಿಸಿದ ಹುಡ್ರು ಮತ್ತ ಒಂದು ವರ್ಷ ಅಲ್ಲೇ ಕುಂದ್ರಬೇಕಾಗತೈತಿ ಅಂತ ತಂದಿತಾಯಿ ಕೂಗಾಡಿದ್ರು. ಏಪ್ರಿಲ್ ತಿಂಗಳಾಗ ಸರಕಾರ ಯುಕೆಜಿ ಮುಗಿಸಿದವ್ರಿಗೆ ಆ ಒಂದು ವರ್ಷದ ಮಟ್ಟಿಗೆ 5 ವರ್ಷ 5 ತಿಂಗಳಿಗೆ ಸಡಿಲ ಮಾಡ್ತು. ಒಂದು ಲೆಕ್ಕ ಹಾಕಿ ನೋಡ್ರಿ. 2019ರ ಅಕ್ಟೋಬರ್ 20ಕ್ಕ ಹುಟ್ಟಿದ ಕೂಸಿಗೆ 2025ರ ಜೂನ್ 1ಕ್ಕ 5 ವರ್ಷ 7 ತಿಂಗಳು ಆಗಿರತೈತಿ. ಜನವರಿಯಾಗಿನ ಮೆಸೇಜ್ ಪ್ರಕಾರ ಆ ಕೂಸಿಗೆ ಒಂದನೇತ್ತಿ ಇಲ್ಲ, ಏಪ್ರಿಲ್ ಆದಮ್ಯಾಲೆ ಐತಿ. ಆದ್ರ ಫೋನಿನ್ಯಾಗ ಓಡ್ಯಾಡೂದು ಮಾತ್ರ ಜನವರಿಯ ಮೆಸೇಜ್. ಅದನ್ನ ಓದಿದ ಅವ್ವ ಮುಂದಿನ ವರ್ಷ ನೋಡೂಣು ಅಂತ ಮನ್ಯಾಗ ಕುಂತ್ಲಂದ್ರ ಕೂಸಿನ ಒಂದು ವರ್ಷ ಹೋತು.

ಅದಕ್ಕ ನಾವು ಎರಡು ರೂಢಿ ಮಾಡಿದ್ವಿ. ಬರಹದ ಕೆಳಗ ಅದನ್ನ ಹಾಕಿದ ತಾರೀಖು ಬರಿಯೂದು. ನಿಯಮ ಬದಲಾದ ಕೂಡ್ಲೇ ಹಳೇದರ ಫೋಟೋಕ್ಕಿಂತ ಬ್ಯಾರೆ ಬಣ್ಣದ ಫೋಟೋ ಹಾಕಿ ಹೊಸಾ ಬರಹ ಕಳಸೂದು, ಮೊದಲನೇ ಸಾಲಿನ್ಯಾಗ "ವಯಸ್ಸಿನ ನಿಯಮ ಬದಲಾಗಿದೆ" ಅಂತ ಇರಬೇಕು. ಇನ್ನೊಂದು ಮಾತು, ಫೋಟೋ ಮುಂದ ಕಳಸೂವಾಗ ಕೆಲವೊಮ್ಮೆ ಕೆಳಗಿನ ಬರಹ ಹಿಂದ ಉಳದ ಬಿಡತೈತಿ. ಹಿಂಗಾಗಿ ವರ್ಷ, ವಯಸ್ಸಿನ ತಾರೀಖು, ಫೋನ್ ನಂಬರ್ ಮೂರೂ ಫೋಟೋದ ಮ್ಯಾಲೂ ಇರಬೇಕು.

ಎರಡನೇದು ಮಾನ್ಯತೆ. ಆಕಿ ಮೊದ್ಲು "ಎಲ್‌ಕೆಜಿಯಿಂದ 7ನೇ ತರಗತಿವರೆಗೆ" ಅಂತ ಬರದಿದ್ಲು. ಕೇಳಿದ್ರ ಇಲಾಖೆಯ ಮಾನ್ಯತೆ ಇದ್ದದ್ದು 5ನೇತ್ತಿ ತನಕ, ಮುಂದಿಂದಕ್ಕ ಅರ್ಜಿ ಹಾಕಿದ್ರಂತ. ಅರ್ಜಿ ಬ್ಯಾರೆ, ಮಾನ್ಯತೆ ಬ್ಯಾರೆ. ಮಾನ್ಯತೆ ಇಲ್ಲದ ಕ್ಲಾಸಿನ್ಯಾಗ ಕಲತ ಹುಡುಗನ ಹೆಸರು ಸ್ಯಾಟ್ಸ್‌ನಾಗ ಸರಿಯಾಗಿ ಕುಂದ್ರೂದಿಲ್ಲ, ಮುಂದ ಟಿಸಿ ತಗೊಂಡು ಬ್ಯಾರೆ ಸಾಲಿಗೆ ಹೋಗೂವಾಗ ತೊಡಕು ಬರತೈತಿ. ಅದಕ್ಕ "5ನೇ ತರಗತಿವರೆಗೆ" ಅಂತನ ಬರದ್ವಿ. ಜೋಡಿಗೆ ಮಾಧ್ಯಮ ಯಾವದು, ಪಠ್ಯಕ್ರಮ ರಾಜ್ಯದ್ದೋ ಕೇಂದ್ರದ್ದೋ ಅನ್ನೂದು, ಯುಡೈಸ್ ಸಂಖ್ಯೆ. ಈ ಸಂಖ್ಯೆ 11 ಅಂಕಿದು, ನಮ್ಮ ರಾಜ್ಯದ ಸಾಲಿಗಳದು 29ರಿಂದ ಚಾಲೂ ಆಗತೈತಿ. ಓದೂ ನಮಗೂ ಇದು ಉಪಯೋಗ ಐತ್ರಿ. ಯಾವ ಸಾಲಿಯ ಮೆಸೇಜಿನ್ಯಾಗ ಈ ಸಂಖ್ಯೆ ಇಲ್ಲೋ, ಕೇಳಿದ್ರೂ ಕೊಡೂದಿಲ್ಲೋ, ಅಲ್ಲಿ ಒಂದೀಟು ಹುಷಾರಾಗಿರಬೇಕು.

ಫೀ ವಿಷಯಕ್ಕ ಬಂದ್ರ ಸಾಲಿಯವ್ರು ಬರಿಯಾಕ ಹಿಂಜರೀತಾರ. "ಕೈಗೆಟುಕುವ ಶುಲ್ಕ" ಅಂತಾರ. ಯಾರ ಕೈಗೆ ಎಟುಕೂದು? ಗುಳೇದಗುಡ್ಡದಾಗ ಖಣ ನೇಯವ್ರ ಕೈ ಬ್ಯಾರೆ, ನೌಕರದಾರ್ರ ಕೈ ಬ್ಯಾರೆ. ಬಡೇಬಾಯಾರ್ನ ಒಪ್ಪಿಸಿ ಒಂದನೇತ್ತಿ ಫೀ ಬರದ್ವಿ, ಎಷ್ಟು ಕಂತು ಅಂತ ಬರದ್ವಿ, ಪುಸ್ತಕ, ಸಮವಸ್ತ್ರ, ವ್ಯಾನಿನ ರೊಕ್ಕ ಅದರಾಗ ಇಲ್ಲ ಅಂತನೂ ಬರದ್ವಿ. ಈ ಕಡೀ ಮಾತು ಬರೀದಿದ್ರ ಜೂನ್ ತಿಂಗಳಾಗ ಜಗಳ ಆಗೂದು ಅದಕ್ಕ.

ಇನ್ನ ಪ್ರೀತಿಯ ಮಾತು. ಆಕಿ "ಮಗುವಿನ ಸಂದರ್ಶನಕ್ಕೆ ಕರೆತನ್ನಿ" ಅಂತ ಬರದಿದ್ಲು. ಕೂಸಿನ ಜೋಡಿ ಮಾತಾಡೂದಷ್ಟ ಆಕಿ ಮನಸಿನ್ಯಾಗ ಇತ್ತು. ಆದ್ರ 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಸೇರಿಸ್ಕೊಳ್ಳೂವಾಗ ಕೂಸಿಗೆ ಆಗಲಿ, ತಂದಿತಾಯಿಗೆ ಆಗಲಿ ಪರೀಕ್ಷೆ ಇಟ್ಟು ಆರಿಸಬಾರದು, ಡೊನೇಷನ್ನೂ ತಗೋಬಾರದು. ಕಾಯ್ದೆ ಬಿಡ್ರಿ, "ಸಂದರ್ಶನ" ಅನ್ನೂ ಶಬ್ದ ಕೇಳಿದ್ರ ಸಾಲಿ ಕಲೀದ ಅವ್ವನ ಎದಿ ಡವ ಡವ ಅಂತೈತಿ. ಅದರ ಬದ್ಲಿ "ಪರೀಕ್ಷೆ ಇಲ್ಲ, ಕೂಸನ್ನ ಕರಕೊಂಡು ಸಾಲಿ ನೋಡಿ ಹೋಗ್ರಿ" ಅಂತ ಬರದ್ವಿ.

ಕಾಗದಪತ್ರದ ಸಾಲೂ ಹಂಗ. ಬರೇ "ಜನ್ಮ ಪ್ರಮಾಣಪತ್ರ ಕಡ್ಡಾಯ" ಅಂದ್ರ, ಮನ್ಯಾಗ ಹೆರಿಗಿ ಆದ ಕೂಸಿನ ಅವ್ವ ಬಾಗಲಕ್ಕ ಬರೂದ ಇಲ್ಲ. ಅದ ಕಾಯ್ದೆ, ವಯಸ್ಸಿನ ದಾಖಲೆ ಇಲ್ಲ ಅಂತ ಕೂಸಿಗೆ ಪ್ರವೇಶ ಇಲ್ಲ ಅನಬಾರದು ಅಂತ ಹೇಳತೈತಿ. ಹಂಗಾಗಿ "ಇದ್ದದ್ದನ್ನ ತಗೊಂಡು ಬರ್ರಿ, ಇಲ್ಲದ್ದನ್ನ ಹೆಂಗ ಮಾಡಿಸ್ಬೇಕು ನಾವು ಹೇಳ್ತೀವಿ" ಅಂತ ಬರದ್ವಿ. ಇದು ಮಾಹಿತಿನೂ ಹೌದು, ಪ್ರೀತಿನೂ ಹೌದು. ಉಜ್ವಲ ಭವಿಷ್ಯದ ಮಾತು ತಗದು ಹಾಕಿದ್ರೂ ಬರಹ ತಣ್ಣಗ ಆಗಲಿಲ್ಲ.

ಭಾಷಾನೂ ನೋಡಿದ್ವಿ. ತಾರೀಖು, ಫೀ, ದಾಖಲೆ ಪುಸ್ತಕದ ಕನ್ನಡದಾಗ ಇರಲಿ, ಅದು ನೋಟೀಸು ಇದ್ದಂಗ, ನಾಳೆ ತೋರಿಸಿ ಕೇಳಾಕ ಬರತೈತಿ. ಕರಿಯೂ ಮಾತು ಮಾತ್ರ ನಮ್ಮ ಮಾತಿನ್ಯಾಗ. ಫೋನಿನ್ಯಾಗ ಮೊದಲಿನ ಸಾಲಷ್ಟ ಕಾಣತಾವ, ಉಳದದ್ದು ಒತ್ತಿ ತಗೀಬೇಕು. ಅದಕ್ಕ ವರ್ಷ ಮತ್ತ ಕ್ಲಾಸು ಮೊದ್ಲಿಗೇ ಇಟ್ವಿ. ಕಡೀಕ ಏಪ್ರಿಲ್ಲಿನ ಬರಹ ಹಿಂಗ ಆತು:

"ವಯಸ್ಸಿನ ನಿಯಮ ಬದಲಾಗಿದೆ. 2025-26ನೇ ಸಾಲಿಗೆ ಎಲ್‌ಕೆಜಿಯಿಂದ 5ನೇ ತರಗತಿವರೆಗೆ ಪ್ರವೇಶ ನಡೆದಿದೆ.

ಅವ್ವಾರ, ಅಪ್ಪಾರ, ಕೂಸನ್ನ ಕರಕೊಂಡು ಒಮ್ಮೆ ಸಾಲಿ ನೋಡಾಕ ಬರ್ರಿ. ಪರೀಕ್ಷೆ ಇಲ್ಲ, ಡೊನೇಷನ್ ಇಲ್ಲ.

ಒಂದನೇ ತರಗತಿ: 2020ರ ಜನವರಿ 1 ಅಥವಾ ಅದಕ್ಕೂ ಮೊದಲು ಹುಟ್ಟಿದ, ಯುಕೆಜಿ ಮುಗಿಸಿದ ಮಕ್ಕಳು.

ಇಂಗ್ಲಿಷ್ ಮಾಧ್ಯಮ, ರಾಜ್ಯ ಪಠ್ಯಕ್ರಮ. ಯುಡೈಸ್ ಸಂಖ್ಯೆ ಫೋಟೋದಲ್ಲಿದೆ.

ಒಂದನೇ ತರಗತಿಯ ವರ್ಷದ ಫೀ 12,000 ರೂಪಾಯಿ, 4,000ದಂತೆ 3 ಕಂತು. ಪುಸ್ತಕ, ಸಮವಸ್ತ್ರ, ವ್ಯಾನ್ ಬೇರೆ. ಉಳಿದ ತರಗತಿಗಳ ಫೀ ಶಾಲೆಯ ಫಲಕದಲ್ಲಿದೆ.

ತರಬೇಕಾದವು: ಜನ್ಮ ದಾಖಲೆ, ಆಧಾರ್, 2 ಫೋಟೋ. 2ನೇ ತರಗತಿಯಿಂದ ಮೇಲೆ ಹಿಂದಿನ ಶಾಲೆಯ ಟಿಸಿ, ಸ್ಯಾಟ್ಸ್ ಸಂಖ್ಯೆ. ಇದ್ದದ್ದನ್ನ ತಗೊಂಡು ಬರ್ರಿ, ಇಲ್ಲದ್ದನ್ನ ಹೆಂಗ ಮಾಡಿಸ್ಬೇಕು ನಾವು ಹೇಳ್ತೀವಿ.

ಸೋಮವಾರದಿಂದ ಶನಿವಾರ, ಬೆಳಿಗ್ಗೆ 10ರಿಂದ 1. ರವಿವಾರ ಕಚೇರಿ ಇಲ್ಲ."

ಇದರ ಕೆಳಗ ಕಚೇರಿಯ ನಂಬರ್ ಮತ್ತ ಹಾಕಿದ ತಾರೀಖು. ಟೀಚರಮ್ಮನ ಸ್ವಂತ ನಂಬರ್ ಬ್ಯಾಡ ಅಂದೆ ನಾ, ಹೆಣ್ಣುಮಗಳ ನಂಬರ್ ಹತ್ತೂರು ತಿರಗೂದು ಯಾಕ.

"ಕೆಲವೇ ಸೀಟುಗಳು" ಅನ್ನೂದನ್ನ ಪೂರಾ ತಗದ್ವಿ. ಸೀಟು ಖರೇನ ತುಂಬಿದ ದಿನ "ಎಲ್‌ಕೆಜಿ ತುಂಬಿದೆ, 2ನೇ ಮತ್ತು 3ನೇ ತರಗತಿಗೆ ಇನ್ನೂ ಜಾಗ ಇದೆ" ಅಂತ ಇನ್ನೊಂದು ಮೆಸೇಜ್ ಕಳಸಬೇಕು ಅಂತ ಮಾತಾತು. ಕರಿಯೂ ಮೆಸೇಜ್ ಎಲ್ಲಾರೂ ಕಳಸ್ತಾರ, ತುಂಬೇತಿ ಅನ್ನೂದನ್ನ ಕಳಸವ್ರು ಕಡಿಮಿ. ಆದ್ರ ಹುನಗುಂದ ಕಡಿಯಿಂದ ಕೂಸನ್ನ ಬಗಲಾಗ ಇಟಗೊಂಡು ಬಸ್ ಹತ್ತೂ ಅವ್ವಗ ಎರಡನೇದ್ದ ಹೆಚ್ಚು ಬೇಕಾಗಿರತೈತಿ. ಈ ವರ್ಷ ನಿಮ್ಮ ಮನ್ಯಾಗ ಯಾರರ ಸಾಲಿಗೆ ಸೇರೂ ಕೂಸು ಇದ್ರ, ಮೆಸೇಜಿನ ತಾರೀಖು ನೋಡ್ರಿ, ಆ ವರ್ಷದ ವಯಸ್ಸಿನ ನಿಯಮ ಏನೈತಿ ಅಂತ ಬಿಇಓ ಆಫೀಸಿನ್ಯಾಗ ಕೇಳ್ರಿ, ಆಮ್ಯಾಲೆ ಬಸ್ ಹತ್ರಿ.