ಎರಡು ದರ, ಒಂದು ಹಾಳೆ

ಏಪ್ರಿಲ್ ಕೊನೆಯ ವಾರದಲ್ಲಿ ಅಪ್ಪ ನನಗೆ ಎರಡು ಆಡಿಯೋ ಫೈಲು ಕಳಿಸಿದರು. ಒಂದು ಹನ್ನೊಂದು ನಿಮಿಷದ್ದು, ಇನ್ನೊಂದು ಏಳು ನಿಮಿಷದ್ದು. ಶಿವಮೊಗ್ಗದ ನಮ್ಮ ಮನೆಯ ತಾರಸಿ ಎರಡು ಮಳೆಗಾಲದಿಂದ ಸೋರುತ್ತಿತ್ತು. ಇಬ್ಬರು ಬಂದು ಹತ್ತಿ ನೋಡಿಹೋಗಿದ್ದರು, ಆಮೇಲೆ ಫೋನಿನಲ್ಲಿ ದರ ಹೇಳಿದ್ದರು. ಒಬ್ಬರು ಇಪ್ಪತ್ತು ವರ್ಷದಿಂದ ಪರಿಚಯದ ಮೇಸ್ತ್ರಿ. ಇನ್ನೊಬ್ಬರು ವಾಟರ್‌ಪ್ರೂಫಿಂಗ್ ಕೆಲಸವನ್ನೇ ಹಿಡಿದು ಮಾಡುವ ಕಾಂಟ್ರ್ಯಾಕ್ಟರ್. "ಮಗಳು ದೂರ ಇದಾಳೆ, ಅವಳೂ ಕೇಳಿಸ್ಕೊಬೇಕು, ರೆಕಾರ್ಡ್ ಮಾಡ್ಕೊಂತೀನಿ" ಎಂದು ಅಪ್ಪ ಇಬ್ಬರಿಗೂ ಮೊದಲೇ ಹೇಳಿದ್ದರು. ಫೈಲಿನ ಕೆಳಗೆ ಅವರದೊಂದು ಸಾಲು: "ಮೇಸ್ತ್ರಿ ಎಪ್ಪತ್ತೆರಡು ಅಂದು ಅರವತ್ನಾಲ್ಕಕ್ಕೆ ಇಳಿದ. ಇನ್ನೊಬ್ಬ ಮೂವತ್ತೇಳರೊಳಗೆ ಮಾಡ್ತಾನೆ. ಅವನಿಗೇ ಕೊಡಣ ಅಂತಿದೀನಿ."

ಅರ್ಧಕ್ಕರ್ಧ ವ್ಯತ್ಯಾಸ. ನಿವೃತ್ತಿಯ ಹಣದಲ್ಲಿ ಮನೆ ನಡೆಸುವ ಮೇಷ್ಟ್ರಿಗೆ ಅದು ಸಣ್ಣ ಮಾತಲ್ಲ. ಆದರೆ ಒಂದೇ ತಾರಸಿಯನ್ನು ನೋಡಿದ ಇಬ್ಬರ ಲೆಕ್ಕ ಅಷ್ಟು ದೂರ ಹೋಗಿದೆ ಎಂದರೆ ಇಬ್ಬರೂ ಬೇರೆ ಬೇರೆ ಕೆಲಸಕ್ಕೆ ದರ ಹೇಳಿರುವ ಸಾಧ್ಯತೆಯೇ ಹೆಚ್ಚು. ಹಳ್ಳಿಯ ಕಥನಗಾರರ ಮಾತನ್ನು ಮುದ್ರಿಸಿಕೊಂಡು ಬಂದು ಅಕ್ಷರಕ್ಕಿಳಿಸುವುದು ನನ್ನ ಪಿಎಚ್‌ಡಿಯ ನಿತ್ಯದ ಕೆಲಸ. ಅದೇ ಹೆಡ್‌ಫೋನ್ ಹಾಕಿಕೊಂಡು ಇವನ್ನೂ ಕೇಳಲು ಕೂತೆ.

ಮೊದಲ ಸಲ ಏನೂ ಬರೆಯದೆ ಪೂರ್ತಿ ಕೇಳಬೇಕು. ಬಾಯಿಮಾತಿನಲ್ಲಿ ದರ ಒಂದೇ ಕಡೆ ಇರುವುದಿಲ್ಲ. ಎರಡನೇ ನಿಮಿಷದಲ್ಲಿ ಹೇಳಿದ್ದು ಒಂಬತ್ತನೇ ನಿಮಿಷದಲ್ಲಿ ಬದಲಾಗಿರುತ್ತದೆ. ಎರಡನೇ ಸಲ ಕೇಳುವಾಗ ಮೂರು ಬಗೆಯ ವಾಕ್ಯಗಳನ್ನು ಮಾತ್ರ, ನಿಮಿಷ-ಸೆಕೆಂಡಿನ ಸಮೇತ ಬರೆದುಕೊಂಡೆ. ಸಂಖ್ಯೆ ಇರುವ ವಾಕ್ಯ, 'ಸೇರಿ', 'ಬಿಟ್ಟು', 'ಬೇರೆ' ಎಂಬ ಪದ ಇರುವ ವಾಕ್ಯ, ಮತ್ತು 'ನೋಡ್ಕೊಂಡು ಮಾಡೋಣ' ಎಂಬಂಥ ವಾಕ್ಯ. ಸಮಯ ಬರೆದಿಟ್ಟರೆ ನಾಳೆ ಯಾರಾದರೂ "ನಾನು ಹಾಗೆ ಹೇಳಲಿಲ್ಲ" ಎಂದಾಗ ಜಗಳವಾಡದೆ ಅದೇ ಜಾಗಕ್ಕೆ ಹೋಗಿ ಕೇಳಬಹುದು.

ಹಾಳೆಯ ಸಾಲುಗಳನ್ನು ಯಾರೊಬ್ಬರ ಮಾತಿನ ಕ್ರಮದಲ್ಲೂ ಹಾಕಬಾರದು. ತಾರಸಿಯ ಮೇಲೆ ಕೆಲಸ ಯಾವ ಕ್ರಮದಲ್ಲಿ ನಡೆಯುತ್ತದೋ ಆ ಕ್ರಮದಲ್ಲಿ ಹಾಕಬೇಕು. ಹಳೆಯ ಗಾರೆ ಕೆತ್ತಬೇಕು, ಚೂರು ಸಾಗಿಸಬೇಕು, ಬಿರುಕು ತುಂಬಬೇಕು, ನಡುವೆ ಜಾಲರಿ ಇಟ್ಟು ಎರಡು ಕೋಟ್ ಹೊಡೆಯಬೇಕು, ಅದನ್ನು ಪ್ಯಾರಾಪೆಟ್ ಗೋಡೆಯ ಒಳಮೈಗೆ ಒಂದು ಅಡಿ ಹತ್ತಿಸಬೇಕು, ನೀರು ನಿಲ್ಲಿಸಿ ನೋಡಬೇಕು, ಕೊನೆಗೆ ಮೇಲೆ ವಾಟ ಕೊಟ್ಟು ಗಾರೆ ಹಾಕಬೇಕು. ಒಬ್ಬರು ಹೇಳಿ ಇನ್ನೊಬ್ಬರು ಹೇಳದಿದ್ದ ಕೆಲಸಕ್ಕೂ ಇಬ್ಬರ ಹೆಸರಿನಲ್ಲೂ ಮನೆ ಇರಬೇಕು. ಹೇಳದವರ ಮನೆಯನ್ನು ಖಾಲಿ ಬಿಡಬಾರದು, 'ಹೇಳಿಲ್ಲ' ಎಂದು ಬರೆಯಬೇಕು. ಖಾಲಿ ಮನೆಯನ್ನು ಕಣ್ಣು ಸೊನ್ನೆ ಎಂದು ಓದಿಬಿಡುತ್ತದೆ.

ಆಮೇಲೆ ಅಳತೆ. ಮೇಸ್ತ್ರಿ ಹೇಳಿದ್ದು "ಚದರಕ್ಕೆ ಒಂಬತ್ತು ಸಾವಿರ". ನಮ್ಮ ಕಡೆ ಚದರ ಎಂದರೆ ನೂರು ಚದರ ಅಡಿ. ತಾರಸಿ 32 ಅಡಿ ಉದ್ದ, 25 ಅಡಿ ಅಗಲ, ಅಂದರೆ 800 ಚದರ ಅಡಿ, ಎಂಟು ಚದರ. ಹಾಗಾಗಿ 72,000. ಕಾಂಟ್ರ್ಯಾಕ್ಟರ್ ಹೇಳಿದ್ದು "ಸ್ಕ್ವೇರ್ ಫೀಟಿಗೆ ನಲವತ್ತಾರು". ಅಪ್ಪ ಅದನ್ನು 800ಕ್ಕೆ ಗುಣಿಸಿ 36,800 ಎಂದುಕೊಂಡಿದ್ದರು. ಆದರೆ 4:20ರಲ್ಲಿ ಆತ ಹೇಳುತ್ತಾರೆ: "ಅಳತೆ ಅಂದ್ರೆ ಗೋಡೆ ಹತ್ತಿದ್ದೂ ಸೇರಿ ಬರುತ್ತೆ ಸರ್." ತಾರಸಿಯ ಸುತ್ತಳತೆ 114 ಅಡಿ. ಒಂದು ಅಡಿ ಎತ್ತರ ಹತ್ತಿಸಿದರೆ 114 ಚದರ ಅಡಿ ಹೆಚ್ಚು. 4:50ರಲ್ಲಿ ಇನ್ನೊಂದು ಮಾತು: "ಕೆತ್ತೋದು ಹನ್ನೆರಡು, ಚೂರು ನಾವೇ ಸಾಗಿಸ್ತೀವಿ." 5:35ರಲ್ಲಿ ಮತ್ತೊಂದು: "ಮೇಲಿನ ಗಾರೆ ಸಿವಿಲ್ ಕೆಲಸ ಸರ್, ಬೇಕಾದ್ರೆ ನಲವತ್ತೈದು."

ಬೇಕಾದರೆ ಎಂಬುದು ನಮ್ಮ ತಾರಸಿಗೆ ಬೇಕೇಬೇಕು. ಒಂದು ಮೂಲೆಯಲ್ಲಿ ನೀರು ನಿಲ್ಲುವುದೇ ಸೋರಿಕೆಗೆ ಕಾರಣ, ವಾಟ ಸರಿಮಾಡದೆ ಬರೀ ಕೋಟ್ ಹೊಡೆದರೆ ನೀರು ಅಲ್ಲೇ ನಿಲ್ಲುತ್ತದೆ. ಅಮ್ಮ ಹಪ್ಪಳ ಒಣಗಿಸುವುದು, ಅಪ್ಪ ಟ್ಯಾಂಕ್ ನೋಡಲು ಓಡಾಡುವುದು ಎಲ್ಲ ಅಲ್ಲೇ. ತೆರೆದ ಕೋಟ್ ಕಾಲಿನಡಿ ಬೇಗ ಸವೆಯುತ್ತದೆ.

ಹೀಗೆ ತಯಾರಾದ ಹಾಳೆ ಇದು.

| ಕೆಲಸ | ಮೇಸ್ತ್ರಿ | ಕಾಂಟ್ರ್ಯಾಕ್ಟರ್ |
|---|---|---|
| ಹಳೆ ಗಾರೆ ಕೆತ್ತುವುದು | ಸೇರಿದೆ | 800 × 12 = 9,600 |
| ಚೂರು ಸಾಗಣೆ | ಹೇಳಿಲ್ಲ | ಸೇರಿದೆ |
| ಬಿರುಕು, ಜಾಲರಿ, ಎರಡು ಕೋಟ್ | ಸೇರಿದೆ | 800 × 46 = 36,800 |
| ಪ್ಯಾರಾಪೆಟ್ ಒಳಮೈ ಒಂದು ಅಡಿ | 72,000ದಲ್ಲಿ ಇದೆ, 64,000ದಲ್ಲಿ ಇಲ್ಲ | 114 × 46 = 5,244 |
| ವಾಟ ಕೊಟ್ಟು ಗಾರೆ | ಸೇರಿದೆ | 800 × 45 = 36,000 |
| ನೀರು ನಿಲ್ಲಿಸಿ ಪರೀಕ್ಷೆ | ಹೇಳಿಲ್ಲ | ಎರಡು ದಿನ, ಸೇರಿದೆ |
| ಜಿಎಸ್‌ಟಿ | ಹೇಳಿಲ್ಲ | 18%, ಬೇರೆ |
| ಗ್ಯಾರಂಟಿ | ಹೇಳಿಲ್ಲ | ಬಿಲ್ ಇದ್ದರೆ 5 ವರ್ಷ |
| ಒಟ್ಟು | 72,000 ಅಥವಾ 64,000 | 87,644 + ತೆರಿಗೆ |

ಮೂವತ್ತೇಳು ಸಾವಿರ ಎಂದುಕೊಂಡಿದ್ದು ಎಂಬತ್ತೇಳೂವರೆ ದಾಟಿತ್ತು. ಕಾಂಟ್ರ್ಯಾಕ್ಟರ್ ಏನನ್ನೂ ಮುಚ್ಚಿಟ್ಟಿರಲಿಲ್ಲ. ಏಳು ನಿಮಿಷದಲ್ಲಿ ಎಲ್ಲವನ್ನೂ ಹೇಳಿದ್ದರು. ಮೊದಲು ಬಂದ ಸಂಖ್ಯೆ ಕಿವಿಯಲ್ಲಿ ಕೂತುಬಿಡುತ್ತದೆ, ಆಮೇಲೆ ಬಂದವು ಪಕ್ಕದಲ್ಲಿ ಹಾದುಹೋಗುತ್ತವೆ, ಅಷ್ಟೇ.

ಹಾಳೆಯಲ್ಲಿ ನನ್ನನ್ನು ಹೆಚ್ಚು ಹೊತ್ತು ಹಿಡಿದಿಟ್ಟಿದ್ದು ಪ್ಯಾರಾಪೆಟ್ ಸಾಲು. ಅಪ್ಪ ಚೌಕಾಸಿ ಮಾಡಿದ ಜಾಗ 9:40. "ಸ್ವಲ್ಪ ಕಮ್ಮಿ ಮಾಡ್ಕೊಳಿ ಮೇಸ್ತ್ರಿ." ಒಂದು ಕ್ಷಣ ಮೌನ, ಆಮೇಲೆ: "ಎಂಟು ಸಾವಿರ ಮಾಡ್ಕೊಳಿ ಮೇಷ್ಟ್ರೇ. ಗೋಡೆ ಕಡೆ ಬಿಟ್ಬಿಡಣ." ಅಪ್ಪನಿಗೆ ಮೊದಲ ವಾಕ್ಯ ಕೇಳಿಸಿತ್ತು. ಎರಡನೆಯದು ಬರುವ ಹೊತ್ತಿಗೆ ಅವರು "ಆಯ್ತು ಆಯ್ತು" ಎನ್ನುತ್ತಿದ್ದರು. ನೀರು ಒಳಗಿಳಿಯುವುದು ಹೆಚ್ಚಾಗಿ ನೆಲ ಮತ್ತು ಗೋಡೆ ಕೂಡುವ ಆ ಮೂಲೆಯಲ್ಲೇ. ಬಿಟ್ಟರೆ ಉಳಿದ 64,000ಕ್ಕೂ ಅರ್ಥವಿಲ್ಲ. ದರ ಇಳಿದ ಕಡೆಯೆಲ್ಲ ರೆಕಾರ್ಡಿಂಗ್ ನಿಲ್ಲಿಸಿ ಹಿಂದಿನ, ಮುಂದಿನ ಅರ್ಧ ನಿಮಿಷವನ್ನು ಮತ್ತೆ ಕೇಳಬೇಕು. ಹಣದ ಜೊತೆಗೆ ಕೆಲಸವೂ ಇಳಿದಿರುವುದು ಅಲ್ಲಿ ಗೊತ್ತಾಗುತ್ತದೆ.

ಆದರೆ ಹಾಳೆ ಮೇಸ್ತ್ರಿಯ ಪರವಾಗಿಯೂ ಒಂದು ಮಾತು ಹೇಳಿತು. ಅವರು ಬಿಟ್ಟಿದ್ದು ಎಂಟು ಸಾವಿರ, ಕೈಬಿಟ್ಟ ಕೆಲಸದ ಬೆಲೆ ಕಾಂಟ್ರ್ಯಾಕ್ಟರ್ ಲೆಕ್ಕದಲ್ಲಿ 5,244. ಉಳಿದ ಎರಡು ಮುಕ್ಕಾಲು ಸಾವಿರ ನಿಜವಾದ ರಿಯಾಯಿತಿಯೇ.

ಬಾಯಿಮಾತಿನಲ್ಲಿ ಇನ್ನೊಂದು ತೊಡಕಿದೆ, ಅದು ನಮ್ಮ ಭಾಷೆಯದೇ. ಮೇಸ್ತ್ರಿ ನಾಲ್ಕೈದು ಕಡೆ "ಅದನ್ನೂ ಮಾಡ್ಕೊಡ್ತೀನಿ ಬಿಡಿ" ಎನ್ನುತ್ತಾರೆ. ಮಾಡುತ್ತೇನೆ ಎನ್ನುವುದಕ್ಕೂ ಮಾಡಿಕೊಡುತ್ತೇನೆ ಎನ್ನುವುದಕ್ಕೂ ವ್ಯತ್ಯಾಸವಿದೆ. ಆ 'ಕೊಡು'ವಿನಲ್ಲಿ ನಿಮಗಾಗಿ ಎಂಬ ಧ್ವನಿ ಇದೆ, ಪುಕ್ಕಟೆ ಎಂಬ ಅರ್ಥ ಇಲ್ಲ. ಕೇಳುವವರಿಗೆ ಮಾತ್ರ ಅದು ಪುಕ್ಕಟೆ ಎಂದೇ ಕೇಳಿಸುತ್ತದೆ. ದರದ ಜೊತೆ ಸ್ಪಷ್ಟವಾಗಿ 'ಸೇರಿದೆ' ಎಂದ ಕಡೆ ಮಾತ್ರ ನಾನು 'ಸೇರಿದೆ' ಎಂದು ಬರೆದೆ. 'ಮಾಡ್ಕೊಡ್ತೀನಿ' ಎಂದಷ್ಟೇ ಇದ್ದ ಕಡೆ 'ಹೇಳಿಲ್ಲ' ಎಂದೇ ಹಾಕಿದೆ.

'ಹೇಳಿಲ್ಲ' ಎಂಬ ಮನೆಗಳೇ ಮುಂದಿನ ಫೋನಿನ ಪ್ರಶ್ನೆಗಳಾದವು. ಅಪ್ಪನಿಗೆ ಅದನ್ನು ಬರೆದುಕೊಟ್ಟೆ, ಇಬ್ಬರಿಗೂ ಒಂದೇ ಪ್ರಶ್ನೆ, ಒಂದೇ ಕ್ರಮ. ಒಂದು ಹೊಸ ಸಾಲೂ ಸೇರಿತು: ಪರೀಕ್ಷೆಯ ನೀರು ಯಾರದು? 800 ಚದರ ಅಡಿಯ ಮೇಲೆ ಒಂದು ಇಂಚು ನೀರು ನಿಲ್ಲಿಸಲು ಸುಮಾರು 1,900 ಲೀಟರ್ ಬೇಕು. ಮೇ ತಿಂಗಳಲ್ಲಿ ಅದು ಒಂದು ವಿಚಾರವೇ. ಇಬ್ಬರೂ "ನೀರು ನಿಮ್ಮದು" ಎಂದರು. ಮೇಸ್ತ್ರಿ ಚೂರು ಸಾಗಣೆಗೆ ಟ್ರ್ಯಾಕ್ಟರ್ ಬಾಡಿಗೆ 2,500 ಬೇರೆ ಎಂದರು, ತಾವು ಬಿಲ್ ಕೊಡುವವರಲ್ಲ ಎಂದರು, ಪರೀಕ್ಷೆಗೆ ಒಪ್ಪಿದರು. ಗೋಡೆಯ ಕೆಲಸ ಮರಳಿ ಸೇರಿಸಿ ಎಂದು ಅಪ್ಪ 5,244ರ ಲೆಕ್ಕ ಓದಿ ಹೇಳಿದಾಗ, "ಎಪ್ಪತ್ತು ಮಾಡಿ, ಮುಗೀತು" ಎಂದರು. ಅಲ್ಲಿಗೆ 72,500.

ಕಾಂಟ್ರ್ಯಾಕ್ಟರ್ ಕಡೆ ತೆರಿಗೆ 15,776 ಸೇರಿ 1,03,420. ಗ್ಯಾರಂಟಿ ಬಿಲ್ ಮೇಲೆ ನಿಂತಿರುವುದರಿಂದ ಈ ತೆರಿಗೆಯನ್ನು ಬಿಟ್ಟು ಆ ಐದು ವರ್ಷವನ್ನು ಮಾತ್ರ ಉಳಿಸಿಕೊಳ್ಳುವ ಹಾಗಿಲ್ಲ. ಎರಡನ್ನೂ ಒಟ್ಟಿಗೇ ಓದಬೇಕು. ಮೇಸ್ತ್ರಿಯ ಗ್ಯಾರಂಟಿ ಮನೆಯಲ್ಲಿ ಅಪ್ಪ ಬರೆಸಿದ್ದು ಅವರದೇ ಮಾತು: "ಬರೆದು ಕೊಡಲ್ಲ. ಸೋರಿದ್ರೆ ಬರ್ತೀನಿ." ಅದಕ್ಕೆ ರೂಪಾಯಿಯ ಬೆಲೆ ಕಟ್ಟಲು ನಾನು ಹೋಗಲಿಲ್ಲ. ಇಪ್ಪತ್ತು ವರ್ಷದಲ್ಲಿ ಅವರು ಕರೆದಾಗ ಎಷ್ಟು ಸಲ ಬಂದಿದ್ದಾರೆ ಎಂಬುದು ಅಪ್ಪನಿಗೆ ಗೊತ್ತು, ನನ್ನ ಹಾಳೆಗೆ ಗೊತ್ತಿಲ್ಲ.

ಹಾಳೆಗೆ ತಿಳಿಯದ್ದು ಇನ್ನೂ ಇದೆ. ಹಳೆಯ ಗಾರೆ ಎಷ್ಟು ಕಡೆ ಟೊಳ್ಳಾಗಿದೆ, ಕೆಳಗೆ ಕಂಬಿಗೆ ತುಕ್ಕು ಹಿಡಿದಿದೆಯೇ ಎಂಬುದು ಕೆತ್ತಿದ ಮೇಲಷ್ಟೇ ತಿಳಿಯುವುದು. ಅದಕ್ಕೆ ಮೊತ್ತ ಹಾಕಲಾಗದು, ದಿನಗೂಲಿ ಎಷ್ಟು ಎಂಬ ದರವನ್ನು ಮಾತ್ರ ಕೇಳಿ ಬರೆದಿಡಬಹುದು. "ಒಳ್ಳೆ ಮಾಲು" ಎಂಬ ಮಾತನ್ನು ಪರೀಕ್ಷಿಸುವುದು ಮಾತ್ರ ಸುಲಭ. ಡಬ್ಬದ ಮೇಲೆ ಎಷ್ಟು ಚದರ ಅಡಿಗೆ ಬರುತ್ತದೆ ಎಂದು ಬರೆದಿರುತ್ತದೆ. ಅದರಿಂದ 914ನ್ನು ಭಾಗಿಸಿ, ಬರೆದದ್ದು ಒಂದು ಕೋಟಿನ ಲೆಕ್ಕವಾದರೆ ಎರಡರಿಂದ ಗುಣಿಸಿದರೆ ಎಷ್ಟು ಡಬ್ಬ ಖಾಲಿಯಾಗಬೇಕು ಎಂಬುದು ಸಿಗುತ್ತದೆ. ಖಾಲಿ ಡಬ್ಬಗಳನ್ನು ಕೆಲಸ ಮುಗಿಯುವವರೆಗೆ ಮನೆಯಲ್ಲೇ ಇಟ್ಟುಕೊಂಡು ಎಣಿಸಿದರಾಯಿತು.

ಅಪ್ಪ ಕೊನೆಗೆ ಕೆಲಸವನ್ನು ಮೇಸ್ತ್ರಿಗೇ ಕೊಟ್ಟರು. ಕಾಂಟ್ರ್ಯಾಕ್ಟರಿಗೆ ಫೋನ್ ಮಾಡಿ ಕಾರಣವನ್ನೂ ಹೇಳಿದರು. ಮೇಸ್ತ್ರಿಗೆ ಹಾಳೆಯ ಅವರ ಭಾಗವನ್ನು ಸಾಲುಸಾಲಾಗಿ ಓದಿ ಹೇಳಿದಾಗ ಅವರು ಬೇಸರ ಮಾಡಿಕೊಳ್ಳಲಿಲ್ಲ. ಒಂದು ಕಡೆ ತಡೆದು, "ನೀರು ನಿಲ್ಸೋದು ಕೋಟ್ ಆದ್ಮೇಲೆ, ಗಾರೆಗಿಂತ ಮುಂಚೆ ಅಂತ ಬರ್ಕೊಳಿ. ಗಾರೆ ಹಾಕಿದ್ಮೇಲೆ ಸೋರಿದ್ರೆ ಎಲ್ಲಿ ಅಂತ ಹುಡ್ಕೋದು?" ಎಂದರು. ನಾನು ಆ ಸಾಲನ್ನು ತಿದ್ದಿದೆ. ಹಣದ ಕಂತನ್ನೂ ಅದಕ್ಕೇ ಕಟ್ಟಿದೆವು: ಗಾರೆಯ ಕಂತು ನೀರಿನ ಪರೀಕ್ಷೆಯ ನಂತರ.

ಮೇ ಮೂರನೇ ವಾರ ತಾರಸಿಯ ಮೇಲೆ ಎರಡು ದಿನ ನೀರು ನಿಂತಿತು. ಎರಡನೇ ದಿನ ಅಡುಗೆಮನೆಯ ಸೂರಿನಲ್ಲಿ ಅಂಗೈ ಅಗಲದ ತೇವ ಕಂಡಿತು. ಪೈಪು ತಾರಸಿಗೆ ಸೇರುವ ಜಾಗ. ಅದು ಯಾರ ಮಾತಿನಲ್ಲೂ ಬಂದಿರಲಿಲ್ಲ, ಹಾಳೆಯಲ್ಲೂ ಇರಲಿಲ್ಲ. ಮೇಸ್ತ್ರಿ ಪೈಪಿನ ಸುತ್ತ ಮತ್ತೆ ಕೆತ್ತಿ, ತುಂಬಿ, ಕೋಟ್ ಹೊಡೆದು, ಇನ್ನೊಂದು ದಿನ ನೀರು ನಿಲ್ಲಿಸಿದರು. ಅದಕ್ಕೆ ದುಡ್ಡು ಕೇಳಲಿಲ್ಲ. ಗಾರೆಯ ಕಂತು ಕೊಟ್ಟ ದಿನ ಅಪ್ಪ ನನಗೆ ಫೋನ್ ಮಾಡಿ, "ಆ ಪೈಪಿಂದೂ ಒಂದು ಸಾಲು ಸೇರಿಸಿ ಇಟ್ಟಿರು, ಚಿಕ್ಕಪ್ಪನ ಮನೆದೂ ಸೋರ್ತಿದೆಯಂತೆ" ಎಂದರು.