15 ಕಾಸ್ಟಿಂಗ್ ಎಲ್ಲಿ ಹೋದವು?

ನನ್ನ ಮೈದುನ ನೌಕರಿ ಬಿಟ್ಟು, ಸಣ್ಣ ಧಂದೆಯವರಿಗೆ ಲೆಕ್ಕಪತ್ರದ ಸಾಫ್ಟ್‌ವೇರ್ ಮಾಡ್ತೀನಿ ಅಂತ ಬೆಳಗಾವಿಗೆ ವಾಪಸ್ ಬಂದ. ಕೈಯಲ್ಲಿದ್ದದ್ದು ಎಂಟು ತಿಂಗಳ ಖರ್ಚಿಗಾಗುವಷ್ಟು ಉಳಿತಾಯ, ಜೊತೆಗೆ ಒಬ್ಬ ಗೆಳೆಯ. ನಾನು ಆಡಿಟರ್ ಆಫೀಸಿನಲ್ಲಿ 14 ವರ್ಷ ಲೆಕ್ಕ ಬರೆದವಳಾದ್ದರಿಂದ ನನ್ನ ಹತ್ತಿರ ಕೂತ. "ವೈನಿ, ಊರಾಗ ಸಣ್ಣ ಧಂದೆ ಮಾಡೋರೆಲ್ಲಾ ನಮ್ಮ ಗಿರಾಕಿನ ನೋಡ್ರಿ" ಅಂದ. ಎಲ್ಲಾರೂ ಗಿರಾಕಿ ಆದ್ರ ಮೊದಲ ಯಾರ ಬಾಗಲಾ ಬಡೀತೀಪಾ, ಅಂದೆ.

ಸಾಮಾನ್ಯವಾಗಿ ಇವರನ್ನು ವಹಿವಾಟಿನ ಮೇಲೆ ವಿಂಗಡಿಸುತ್ತಾರೆ. ಅದರಿಂದ ನಮಗೆ ಏನೂ ತಿಳಿಯುವುದಿಲ್ಲ. ವರ್ಷಕ್ಕೆ 80 ಲಕ್ಷ ವಹಿವಾಟಿನ ಕಿರಾಣಿ ಅಂಗಡಿಗೂ ಅಷ್ಟೇ ವಹಿವಾಟಿನ ಲೇತ್ ವರ್ಕ್‌ಶಾಪಿಗೂ ಲೆಕ್ಕದಲ್ಲಿ ಯಾವ ಸಂಬಂಧವೂ ಇಲ್ಲ. ಹಾಗಾಗಿ ನಾವಿಬ್ಬರೂ ಹೋದಲ್ಲೆಲ್ಲ ಕೇಳಿದ್ದು ಎರಡೇ ಮಾತು: ಲೆಕ್ಕ ಯಾರು, ಯಾವಾಗ ಬರೆಯುತ್ತಾರೆ? ಅದು ತಪ್ಪಿದರೆ ನಿಮ್ಮ ಜೇಬಿನಿಂದ ಎಷ್ಟು ಹೋಗುತ್ತದೆ?

ಕಿರಾಣಿಯವರಲ್ಲಿ ಬಹಳ ಮಂದಿ ಜಿಎಸ್‌ಟಿಯ ಕಾಂಪೊಸಿಷನ್ ಸ್ಕೀಮಿನಲ್ಲಿದ್ದರು. ಮೂರು ತಿಂಗಳಿಗೊಮ್ಮೆ ಮಾರಾಟದ ಮೇಲೆ ಶೇ 1 ತೆರಿಗೆ ಕಟ್ಟಬೇಕು, ವರ್ಷಕ್ಕೊಂದು ರಿಟರ್ನ್ ಹಾಕಬೇಕು. ಆಡಿಟರ್ ಆಫೀಸಿನವರು ಅದನ್ನು ಮಾಡಿಕೊಡುತ್ತಾರೆ. ಅವರು ಸಾಫ್ಟ್‌ವೇರಿಗೆ ದುಡ್ಡು ಯಾಕೆ ಕೊಟ್ಟಾರು? ಔಷಧಿ ಅಂಗಡಿಯವರಿಗೆ ಅಗತ್ಯ ಜಾಸ್ತಿ. ಬ್ಯಾಚ್ ನಂಬರು, ಅವಧಿ ಮುಗಿದ ಮಾಲು ವಾಪಸ್ ಮಾಡುವುದು, ಎಲ್ಲ ಇದೆ. ಆದರೆ ಅದಕ್ಕೆ ತಕ್ಕ ಪ್ರೋಗ್ರಾಂಗಳು ಆಗಲೇ ಅವರ ಮೇಜಿನ ಮೇಲಿದ್ದವು. ಸಾವಿರಾರು ಔಷಧಿಗಳ ಪಟ್ಟಿಯನ್ನು ಇಬ್ಬರು ಹುಡುಗರು ಸಂಭಾಳಿಸುವುದೂ ಆಗದ ಮಾತು.

ಉದ್ಯಮಬಾಗದ ಕಥೆಯೇ ಬೇರೆ. ಅಲ್ಲಿ ಫೌಂಡ್ರಿಗಳಿವೆ, ಅವುಗಳ ಕಾಸ್ಟಿಂಗ್ ತಂದು ಮಷೀನಿಂಗ್ ಮಾಡಿಕೊಡುವ ಸಣ್ಣ ಜಾಬ್‌ವರ್ಕ್ ಘಟಕಗಳಿವೆ. ಒಬ್ಬ ಮಾಲೀಕರು ಹೇಳಿದ್ದು ಹೀಗೆ: "ಅಕ್ಕಾರ, ಬಿಲ್ ಬರಿಯೂದೇನ್ ದೊಡ್ಡದಲ್ಲರಿ. ಉಳದ 15 ಪೀಸ್ ಎಲ್ಲಿ ಹೋದುವು ಅಂತ ಕೇಳ್ತಾರಲ್ಲ, ಅದಕ್ಕ ಉತ್ತರಾ ಕೊಡೂದ ತ್ರಾಸ ಐತ್ರಿ."

ಅವರ ಲೆಕ್ಕ ಬಿಡಿಸಿ ನೋಡಿದೆವು. ಒಂದು ಚಲನ್ ಮೇಲೆ 500 ಕಾಸ್ಟಿಂಗ್ ಬಂದಿದ್ದವು. 180, 200, 105 ಅಂತ ಮೂರು ಸಲ ವಾಪಸ್ ಹೋಗಿದ್ದವು. ಒಟ್ಟು 485, ಪೀಸಿಗೆ 38 ರೂಪಾಯಿಯಂತೆ ಬಿಲ್ 18,430 ರೂಪಾಯಿ. ಉಳಿದ 15ರಲ್ಲಿ ಆರು ಬ್ಲೋ ಹೋಲ್ ಬಿದ್ದವು, ಅಂದರೆ ಎರಕದಲ್ಲೇ ದೋಷ, ಫೌಂಡ್ರಿಯದೇ ಹೊಣೆ. ನಾಲ್ಕು ಇವರ ಮಷೀನಿನಲ್ಲೇ ಕೆಟ್ಟವು. ಐದು ಇನ್ನೂ ಮೂಲೆಯಲ್ಲಿ ಬಿದ್ದಿದ್ದವು. ಫೌಂಡ್ರಿ ಮಾತ್ರ ಪೀಸಿಗೆ 400ರಂತೆ 15ಕ್ಕೂ ಸೇರಿಸಿ 6,000 ರೂಪಾಯಿ ಬಿಲ್ಲಿನಲ್ಲಿ ಮುರಿದುಕೊಂಡಿತ್ತು. ನ್ಯಾಯವಾಗಿ ಇವರ ತಲೆಗೆ ಬರಬೇಕಾದದ್ದು 1,600. ಉಳಿದ 4,400 ರೂಪಾಯಿ, ಬರೆದಿಟ್ಟ ಕಾಗದ ಸಿಗದ ಕಾರಣಕ್ಕೆ ಹೋಗಿತ್ತು. ಇಂಥ ಚಲನ್‌ಗಳು ತಿಂಗಳಿಗೆ ಹತ್ತಾರು ಬರುತ್ತವೆ.

ಅಲ್ಲಿಗೆ ಗುಂಪು ಆಯ್ಕೆಯಾಯಿತು. ಉದ್ಯಮಬಾಗದಲ್ಲಿ ಒಬ್ಬರ ಶೆಡ್ಡಿನ ಸುದ್ದಿ ಸಂಜೆ ಚಹಾದ ಹೊತ್ತಿಗೆ ಇನ್ನೊಬ್ಬರಿಗೆ ಮುಟ್ಟುತ್ತದೆ ಅನ್ನುವುದೂ ಒಂದು ಕಾರಣ. ಫೌಂಡ್ರಿಗಳಿಗೂ ಈ ಲೆಕ್ಕ ಬೇಕು: ಜಾಬ್‌ವರ್ಕಿಗೆ ಕೊಟ್ಟ ಮಾಲು ಒಂದು ವರ್ಷದೊಳಗೆ ವಾಪಸ್ ಬರದಿದ್ದರೆ ಕಾನೂನು ಅದನ್ನು ಮಾರಾಟದಂತೆ ನೋಡುತ್ತದೆ, ತೆರಿಗೆ ಬೀಳುತ್ತದೆ.

ಮೈದುನ ಮಾಡಿದ ಮೊದಲ ಆವೃತ್ತಿಯಲ್ಲಿ ಸಂಬಳವಿಲ್ಲ, ಆಢಾವೆ ಪತ್ರಿಕೆಯಿಲ್ಲ. ಯಾವ ಚಲನ್ನಿನಲ್ಲಿ ಎಷ್ಟು ಬಂತು, ಎಷ್ಟು ಹೋಯಿತು, ಯಾಕೆ ಉಳಿಯಿತು ಅನ್ನುವ ಒಂದು ಪುಟ, ಆಮೇಲೆ ಬಿಲ್ಲು. ತಿಂಗಳ ಕೊನೆಗೆ ಆ ಬಿಲ್ಲುಗಳು ಆಡಿಟರ್ ಬಳಸುವ ಪ್ರೋಗ್ರಾಂಗೆ ಹೋಗುತ್ತವೆ. ಇದು ಮುಖ್ಯ, ಯಾಕೆಂದರೆ ಹೊಸ ಪ್ರೋಗ್ರಾಂ ಬೇಡ ಅನ್ನುವವರು ಹೆಚ್ಚಾಗಿ ನಮ್ಮಂಥ ಆಡಿಟರ್ ಆಫೀಸಿನವರೇ!

ನಡುವೆ ಒಬ್ಬ ಸೀರೆ ಅಂಗಡಿಯವರು ಮುಂಗಡ ಕೊಡ್ತೀನಿ, ನಮಗೂ ಮಾಡಿಕೊಡಿ ಅಂದರು. ಉಳಿತಾಯ ಕರಗುತ್ತಿದ್ದ ಹೊತ್ತು, ಮೈದುನನ ಮನಸ್ಸು ಆಡಿತು. ನಾನು ಬೇಡ ಅಂದೆ. ಅವರಿಗೆ ಬೇಕಾದದ್ದು ಸ್ಟಾಕು, ಬಾರ್‌ಕೋಡು, ಉದ್ರಿ ಖಾತೆ. ಚಲನ್ ಪುಟದಲ್ಲಿ ಒಂದು ಸಾಲೂ ಅವರಿಗೆ ಬರುವುದಿಲ್ಲ. ಒಂದು ಗುಂಪು ಸರಿಯಿದೆಯೇ ಅಂತ ನಾನು ನೋಡಿದ್ದು ಮೂರನೇ, ನಾಲ್ಕನೇ ಗಿರಾಕಿಯನ್ನು. ಅವರಿಗಾಗಿ ಪ್ರೋಗ್ರಾಂ ಬದಲಿಸಬೇಕಾಗಲಿಲ್ಲ. ಇನ್ನೊಂದು, ದುಡ್ಡು ಕೊಟ್ಟವರು ಹಳೆಯ ನೋಟ್‌ಬುಕ್ಕನ್ನು ನಿಜವಾಗಿ ಬಿಟ್ಟರೇ ಅನ್ನುವುದು. ಇಬ್ಬರು ಇನ್ನೂ ಬಿಟ್ಟಿಲ್ಲ. ಅವರನ್ನು ನಾನು ಗಿರಾಕಿ ಅಂತ ಎಣಿಸುವುದಿಲ್ಲ.

ಈಗ 23 ಶೆಡ್ಡುಗಳಲ್ಲಿ ನಡೆಯುತ್ತಿದೆ, ಖರ್ಚು ಸರಿದೂಗುತ್ತದೆ. ಮುಂದೆ ಪೌಡರ್ ಕೋಟಿಂಗ್ ಮಾಡುವವರ ಹತ್ತಿರ ಹೋಗುವ ಯೋಚನೆ. ಅವರದೂ ಚಲನ್ ಧಂದೆಯೇ, ಫೌಂಡ್ರಿಯವರೂ ಪರಿಚಿತರೇ. ಮಜೂರಿಯನ್ನು ಮಾತ್ರ ಕೆಲವರು ಪೀಸಿನ ಬದಲು ಚದರಡಿ ಇಲ್ಲವೇ ಕಿಲೋ ಮೇಲೆ ಹಿಡಿಯುತ್ತಾರೆ. ಅಷ್ಟನ್ನು ಬದಲಿಸಲು ಮೂರು ವಾರ ಸಾಕು ಅಂತಾನೆ ಮೈದುನ. ನಾನು ಆರು ವಾರ ಅಂತ ಬರೆದಿಟ್ಟುಕೊಂಡಿದ್ದೇನೆ.