ಒಂಟಿ ಏರ್‌ಪಾಡ್‌ಗೆ ಜೋಡಿ

ಕಳೆದುಹೋದ ಒಂದೇ ಏರ್‌ಪಾಡ್ ಕೊಳ್ಳುವಾಗ ಮೊದಲು ಉಳಿದಿರುವುದರ ಕಡ್ಡಿ ನೋಡಿ. ಗಿಡ್ಡ ಕಡ್ಡಿ, ಕಿವಿಗೆ ರಬ್ಬರ್ ತುದಿ ಇದ್ದರೆ ಅದು ಪ್ರೊ. ಉದ್ದ ಕಡ್ಡಿ, ರಬ್ಬರ್ ಇಲ್ಲ ಅಂದರೆ ಮೊದಲ ಅಥವಾ ಎರಡನೇ ತಲೆಮಾರಿನದು. ಎಡವಟ್ಟಾಗುವುದು ಇಲ್ಲೇ. ಎರಡೂ ತದ್ರೂಪು. ಕೇಸಾದರೂ ಹೇಳೀತೇ? ಊಹೂಂ, A1602 ಕೇಸು ಎರಡಕ್ಕೂ ಬಂದಿದೆ. ಮುಚ್ಚಳದ ಹೊರಗೆ, ಮುಂಭಾಗದಲ್ಲೇ ದೀಪವಿದ್ದರೆ ವೈರ್‌ಲೆಸ್ ಚಾರ್ಜಿಂಗ್ ಕೇಸು. ಅದನ್ನೂ ಬಿಡಿಯಾಗಿ ಮಾರುತ್ತಿದ್ದರು, ನಂಬುವಂತಿಲ್ಲ.

ಉಳಿದ ಏರ್‌ಪಾಡಿನ ಮೇಲಿರುವ ಇರುವೆಗಾತ್ರದ ಅಕ್ಷರವನ್ನು ಫೋನಿನಲ್ಲಿ ಫೋಟೋ ತೆಗೆದು ಹಿಗ್ಗಿಸಿ. A1523, A1722 ಮೊದಲನೆಯದು. A2031, A2032 ಎರಡನೆಯದು. ಮಾರುವವರಿಂದಲೂ ಅದೇ ಫೋಟೋ ಕೇಳಿ. ತಲೆಮಾರು ಬೆರೆತರೆ ಜೋಡಿಯಾಗುವುದಿಲ್ಲ, ಬಟನ್ ಎಷ್ಟು ಒತ್ತಿದರೂ ಕೇಸಿನ ದೀಪ ಬಿಳಿಯ ಬದಲು ಕಿತ್ತಳೆಯಾಗಿಯೇ ಮಿನುಗುತ್ತದೆ.